ಕೈಗಡ ಕೇಳಿದ ಗೆಳೆಯನಿಗೆ ಕೈಮುಗಿದು

ದೋಸ್ತಾ,

‘ಅರ್ಜೆಂಟ್ ಮೂರು ಲಕ್ಷ ಬೇಕಿತ್ತು, ಬುಧವಾರ ವಾಪಸ್, ಅವ್ವನಾಣೆ’ ಅಂತ ಬರೆದಿದ್ದೀಯ. ಉತ್ತರ ಮೊದಲೇ ಹೇಳಿಬಿಡ್ತೀನಿ. ಕೊಡಲ್ಲ. ಮೂರು ಲಕ್ಷವೂ ಇಲ್ಲ, ‘ಹೋಗ್ಲಿ ಒಂದಾದ್ರೂ ನೋಡು’ ಅಂತ ಆಮೇಲೆ ಬರಲಿರುವ ಒಂದು ಲಕ್ಷವೂ ಇಲ್ಲ. ಇದನ್ನು ಕೊನೆಗೆ ಇಟ್ಟುಕೊಂಡಿದ್ದರೆ ಮಧ್ಯದ ಮಾತನ್ನೆಲ್ಲ ನೀನು ಪೀಠಿಕೆ ಅಂದುಕೊಂಡು, ಗೂಗಲ್ ಪೇ ತೆರೆದುಕೊಂಡೇ ಓದುತ್ತಿದ್ದೆ.

ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ತಿಳಿಯಬೇಡ. ಪೂರ್ತಿ ನಂಬಿಕೆ ಇದೆ. ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತೆ, ಎಷ್ಟು ಹೊತ್ತಿಗೆ ಹೋಗುತ್ತೆ, ಎಷ್ಟನೇ ಓವರಿನಲ್ಲಿ ಹೋಗುತ್ತೆ ಅನ್ನೋದರ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ.

ನನ್ನ ಹತ್ತಿರ ಮಾತ್ರ ನೀನು ‘ಬೆಟ್ಟಿಂಗ್ ಸಾಲ’ ಅಂತ ನಿಜ ಬರೆದೆ. ಅದಕ್ಕೆ ಕೃತಜ್ಞ. ಉಳಿದ ಕಡೆ ಹೇಳಿದ್ದೆಲ್ಲ ನನ್ನ ಕಿವಿಗೂ ಬಿದ್ದಿದೆ, ಮತ್ತು ನಿನ್ನ ಸ್ಥಳೀಯ ಅಧ್ಯಯನಕ್ಕೆ ತಲೆದೂಗಿದೆ. ಚನ್ನಗಿರಿಯಲ್ಲಿ ಕೇಳುವಾಗ ಅಡಿಕೆ ಸುಲಿಯೋರ ಬಟವಾಡೆ ಬಾಕಿ ಅಂದೆ. ತೋಟದ ಸೀಮೆಯಲ್ಲಿ ಬಟವಾಡೆ ಅಂದರೆ ಯಾರೂ ಮರುಪ್ರಶ್ನೆ ಹಾಕಲ್ಲ. ಹೊನ್ನಾಳಿಯಲ್ಲಿ ಅವ್ವನ ಮಂಡಿ ಆಪರೇಷನ್ ಅಂದೆ. ನ್ಯಾಮತಿಯಲ್ಲಿ ಬ್ಯಾಂಕಲ್ಲಿ ಅಡ ಇಟ್ಟ ಬಂಗಾರ ಬಿಡಿಸಬೇಕು ಅಂದೆ. ಅಲ್ಲಿಯ ಜನಕ್ಕೆ ಬ್ಯಾಂಕು, ಬಂಗಾರ ಅಂದ ಕೂಡಲೇ ಕರುಳು ಚುರ್ ಅನ್ನುತ್ತೆ, ಕಾರಣ ಆಮೇಲೆ ಹೇಳ್ತೀನಿ. ಜಗಳೂರಲ್ಲಿ ನಿನ್ನ ಮಾವನೋರ ಕಡೆಯವರ ಮುಂದೆ ಬೋರ್ ಕೊರೆಸೋದಕ್ಕೆ ಅಂದೆ. ಮಳೆ ಕೈಕೊಡುವ ತಾಲ್ಲೂಕು, ತುಂಗಭದ್ರೆಯ ನೀರಲ್ಲಿ 57 ಕೆರೆ ತುಂಬಿಸ್ತೀವಿ ಅಂತ ವರ್ಷಗಟ್ಟಲೆ ಕಾಯಿಸಿಕೊಂಡ ತಾಲ್ಲೂಕು. ಅಲ್ಲಿ ನೀರಿಗೆ ಅಂದರೆ ಇಲ್ಲ ಅನ್ನೋ ಕಲ್ಲುಹೃದಯ ಯಾರಿಗಿದೆ? ನಾಲ್ಕು ತಾಲ್ಲೂಕು, ನಾಲ್ಕು ಕಾರಣ. ಒಂದೂ ಅಳತೆ ತಪ್ಪಿಲ್ಲ. ಈ ಬುದ್ಧಿಯನ್ನು ಸರ್ಕಾರ ಬಳಸಿಕೊಂಡಿದ್ದರೆ ತಾಲ್ಲೂಕು ಪಂಚಾಯ್ತಿಗೆ ಒಳ್ಳೆಯ ಯೋಜನಾಧಿಕಾರಿ ಸಿಗುತ್ತಿದ್ದ.

ಎಡವಟ್ಟಾಗಿದ್ದು ಮೊನ್ನೆ ಚೌಲ್ಟ್ರಿಯಲ್ಲಿ. ಒಂದೇ ಪಂಕ್ತಿಯಲ್ಲಿ ಈ ನಾಲ್ಕೂ ಊರಿನೋರು ಊಟಕ್ಕೆ ಕೂತರು. ಹೊನ್ನಾಳಿಯವರು ‘ಪಾಪ, ಅವನವ್ವನ ಮಂಡಿ ಹೆಂಗಿದೆ?’ ಅಂದರು. ಜಗಳೂರಿನವರು ‘ಮಂಡಿಗೇನಾಗಿದೆ? ಬೋರಲ್ಲಿ ನೀರು ಬಿತ್ತಾ ಕೇಳ್ರಿ’ ಅಂದರು. ಹೋಳಿಗೆ ಬಡಿಸುವ ಹೊತ್ತಿಗೆ ಲೆಕ್ಕ ಪಕ್ಕಾ ಆಯ್ತು. ಎದುರು ಸಾಲಿನಲ್ಲಿ ಕೂತು ಗಟ್ಟಿಮುಟ್ಟಾದ ಮಂಡಿ ಮಡಚಿಕೊಂಡು ಊಟ ಮಾಡ್ತಿದ್ದ ನಿಮ್ಮವ್ವ ಎಲ್ಲ ಕೇಳಿಸಿಕೊಂಡರು. ತುಪ್ಪ ಬೇಡ ಅಂತ ಕೈ ಅಡ್ಡ ಹಿಡಿದು ಹಾಗೇ ಕೂತಿದ್ದರು.

ಇರಲಿ. ನೀನು ‘ಒಂದು ಸಲ ಕ್ಲಿಯರ್ ಮಾಡಿದ್ರೆ ಸಾಕು, ಮುಗೀತು’ ಅಂತೀಯ. ಯಾವುದು ಕ್ಲಿಯರ್ ಆಗುತ್ತೆ ಅಂತ ನಿನ್ನ ಆಟದ ಒಳಗೇ ಹೋಗಿ ನೋಡೋಣ.

ನೀನಾಡೋದು ಸೆಷನ್. ವಾಟ್ಸಾಪಿನಲ್ಲಿ ಯಾರೋ ಒಂದು ಐಡಿ, ಒಂದು ಪಾಸ್‌ವರ್ಡ್ ಕೊಟ್ಟ. ಒಳಗೆ ಹೋದರೆ ಆರು ಓವರಿಗೆ ಎಷ್ಟು ರನ್ ಅಂತ ಎರಡು ಅಂಕಿ ತೋರಿಸುತ್ತೆ. ‘ನೋ’ ಕಡೆ 48, ‘ಯೆಸ್’ ಕಡೆ 49. ಯೆಸ್ ಒತ್ತಿದರೆ 49 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ನೋ ಒತ್ತಿದರೆ 48 ಮುಟ್ಟಬಾರದು, ಹೆಚ್ಚೆಂದರೆ 47ಕ್ಕೆ ನಿಲ್ಲಬೇಕು. ಸರಿಯಾಗಿ 48 ಬಂದರೆ? ಆಗತ್ತೆ ಅಂದವನೂ ಸೋತ, ಆಗಲ್ಲ ಅಂದವನೂ ಸೋತ. ಎರಡೂ ಕಡೆಯ ದುಡ್ಡು ಐಡಿ ಕೊಟ್ಟವನ ಜೇಬಿಗೆ. ಅವನು ಕ್ರಿಕೆಟ್ ನೋಡಬೇಕಾಗಿಲ್ಲ. ಬ್ಯಾಟ್ ಹಿಡಿಯೋದು ಎಡಗೈಯೋ ಬಲಗೈಯೋ ಗೊತ್ತಿರಬೇಕಾಗಿಲ್ಲ. ಆ ಒಂದು ರನ್ನಿನ ಸಂದಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದರೆ ಸಾಕು. ಆ ರನ್ನು ಅಪರೂಪಕ್ಕೆ ಬೀಳಬಹುದು. ಆದರೆ ದಿನಕ್ಕೆ ನಾಲ್ಕಾರು ಸೆಷನ್, ಐಪಿಎಲ್ಲು ಎರಡು ತಿಂಗಳು. ಪಿಚ್ ರಿಪೋರ್ಟು, ಇಬ್ಬನಿ, ಟಾಸು ಅಂತ ನೀನು ಓದಿಕೊಂಡಿದ್ದೆಲ್ಲ ಆ ಸಂದಿಗೆ ಬಾಡಿಗೆ ಕಟ್ಟೋಕೆ ಓದಿದ್ದು.

ಸೋತ ಮೇಲೆ ನೀನು ಮಾಡೋದು ಡಬಲ್. ಸಾವಿರ ಹೋಯ್ತಾ, ಎರಡು ಸಾವಿರ. ಅದೂ ಹೋಯ್ತಾ, ನಾಲ್ಕು. ‘ಒಂದ್ಸಲ ಬಿದ್ರೆ ಎಲ್ಲ ವಾಪಸ್’ ಅಂತ ನನಗೂ ಪಾಠ ಮಾಡಿದ್ದೆ. ನಿಜ, ವಾಪಸ್ ಬರುತ್ತೆ. ಮೇಲೆ ಒಂದು ಸಾವಿರ ಲಾಭ ಬರುತ್ತೆ, ಅಷ್ಟೇ. ಏಳು ಸಲ ಸಾಲಾಗಿ ಹೋದರೆ ಕಳೆದದ್ದು 1,27,000. ಎಂಟನೇ ಸಲ 1,28,000 ಹಚ್ಚಬೇಕು, ಯಾವ ಲಾಭಕ್ಕೆ? ಅದೇ ಒಂದು ಸಾವಿರಕ್ಕೆ. ಸಾವಿರ ರೂಪಾಯಿ ದುಡಿಯೋದಕ್ಕೆ ಒಂದೂಕಾಲು ಲಕ್ಷ ಪಣಕ್ಕಿಡುವ ದಂಧೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನೀನೇ ಅವನನ್ನು ಕಟ್ಟೆಯಿಂದ ಎಬ್ಬಿಸಿ ಕಳಿಸುತ್ತಿದ್ದೆ. ಏಳು ಸಲ ಸಾಲಾಗಿ ಯಾರಾದರೂ ಸೋಲ್ತಾರಾ ಅಂತೀಯ. ನಾಣ್ಯ ಚಿಮ್ಮಿದರೂ 128ರಲ್ಲಿ ಒಂದು ಸಲ ಆಗುತ್ತೆ. ಒಂದು ಸೀಸನ್ನಿಗೆ ಇನ್ನೂರು ಚಿಲ್ಲರೆ ಬಾಜಿ ಕಟ್ಟುವವನಿಗೆ ಅದು ಬರದೇ ಇರೋದಕ್ಕಿಂತ ಬರುವ ಸಾಧ್ಯತೆಯೇ ಹೆಚ್ಚು. 18 ವರ್ಷ ಕಾದು 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಪಂಜಾಬನ್ನು ಆರು ರನ್ನಿಂದ ಸೋಲಿಸಿ ಕಪ್ ಎತ್ತಿದಾಗ ಊರೆಲ್ಲ ಪಟಾಕಿ. ‘ಈ ಸಲ ಕಪ್ ನಮ್ದೇ’ ಅಂತ ಹದಿನೆಂಟು ವರ್ಷ ಗಂಟಲು ಹರಿದುಕೊಂಡ ನೀನೊಬ್ಬ ಮಾತ್ರ ಸೆಷನ್ ಹೋಯ್ತು ಅಂತ ಮೂಲೆಯಲ್ಲಿ ಕೂತಿದ್ದೆ. ತನ್ನ ಟೀಮು ಗೆದ್ದಾಗ ಅಳುವ ಅಭಿಮಾನಿಯನ್ನು ನಾನು ಅವತ್ತೇ ಮೊದಲು ನೋಡಿದ್ದು.

ಈಗ ಸಾಲದ ವಿಷಯ. ಇದನ್ನು ನಿಧಾನಕ್ಕೆ ಓದು, ನಿನಗೆ ಒಳ್ಳೆಯದಿದೆ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆ ಇಲ್ಲ. ಬಾಜಿಯಲ್ಲಿ ಗೆದ್ದೆ, ಕೊಡಿಸಿ ಅಂತ ಯಾವನೂ ಕೋರ್ಟಿನಲ್ಲಿ ದಾವೆ ಹಾಕುವ ಹಾಗಿಲ್ಲ. (ಕುದುರೆ ರೇಸಿನ 500 ರೂಪಾಯಿ ಮೇಲ್ಪಟ್ಟ ಬಹುಮಾನಕ್ಕೆ ಕಟ್ಟುವ ವಂತಿಗೆಗೆ ಮಾತ್ರ ರಿಯಾಯಿತಿ ಇಟ್ಟಿದ್ದಾರೆ. ಬ್ರಿಟಿಷರಿಗೆ ಅವರ ಕುದುರೆಯ ಮೇಲೆ ಪ್ರೀತಿ, ಏನು ಮಾಡೋದು.) ಅಂದರೆ ಐಡಿಯವನ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದಿರುವ ಮೂರು ಲಕ್ಷ ಕಾನೂನಿನ ಕಣ್ಣಲ್ಲಿ ಸೊನ್ನೆ. ನೀನು ಸಹಿ ಮಾಡಿ ಕೊಟ್ಟಿರುವ ಖಾಲಿ ಚೆಕ್ಕನ್ನು ಅವನು ಬೌನ್ಸ್ ಮಾಡಿಸಿ ಕೇಸು ಹಾಕಿದರೂ ಅಲ್ಲಿ ಮೊದಲ ಪ್ರಶ್ನೆ, ಇದು ಕಾನೂನು ಒಪ್ಪುವ ಸಾಲವೇ ಅಂತ. ಅದಕ್ಕೆ ಅವನು ಲಾಯರಿಗಿಂತ ಹೆಚ್ಚಾಗಿ ನಿನ್ನ ಮರ್ಯಾದೆಯನ್ನು ನಂಬಿದ್ದಾನೆ.

ಅದೇ ನಾನು ಮೂರು ಲಕ್ಷ ಕೈಗಡ ಕೊಟ್ಟು ಪ್ರೋನೋಟು ಬರೆಸಿಕೊಂಡೆ ಅನ್ನು. ಅದು ಬಾಜಿಯಲ್ಲ, ಸಾಲ. ಬಾಜಿ ಊರ್ಜಿತವಲ್ಲ ಅಂದ ಮಾತ್ರಕ್ಕೆ ಅದರ ಪಕ್ಕದಲ್ಲಿ ಹುಟ್ಟಿದ ಬೇರೆ ಕರಾರೆಲ್ಲ ಬಿದ್ದುಹೋಗಲ್ಲ ಅಂತ ಸುಪ್ರೀಂ ಕೋರ್ಟು 1959ರಲ್ಲೇ ಗೆರುಲಾಲ್ ಪಾರಖ್ ಪ್ರಕರಣದಲ್ಲಿ ಹೇಳಿದೆ. ಅಂದರೆ ನೀನು ನನ್ನನ್ನು ಕೇಳ್ತಿರೋದು ಏನು ಗೊತ್ತಾ? ಕೋರ್ಟಿಗೆ ಹೋಗಲಾರದ ಒಂದು ಸಾಲವನ್ನು ತೀರಿಸಿ, ಕೋರ್ಟಿಗೆ ಹೋಗಬಲ್ಲ ಇನ್ನೊಂದು ಸಾಲ ಮಾಡ್ಕೊಳ್ತೀನಿ, ಸಹಾಯ ಮಾಡು ಅಂತ. ಐಡಿಯವನಿಗೆ ಸೊನ್ನೆಯ ಬದಲು ನೋಟು. ನಿನಗೆ ಸೊನ್ನೆಯ ಬದಲು ಪ್ರೋನೋಟು. ನನಗೆ ಮೂವತ್ತು ವರ್ಷದ ಗೆಳೆಯನ ಬದಲು ರಸ್ತೆ ದಾಟುವಾಗ ನನ್ನನ್ನು ಕಂಡು ಬೇಕರಿ ಹಿಂದೆ ಸರಿಯುವ ಒಬ್ಬ ಮನುಷ್ಯ. ಈ ಪೈಕಿ ಲಾಭವಾದವನು ಯಾರು ಅಂತ ನೀನೇ ಹೇಳು, ಲೆಕ್ಕದಲ್ಲಿ ನೀನು ನನಗಿಂತ ಜಾಣ ಇದ್ದೆ.

ಇದಕ್ಕಿಂತ ಚೆಂದದ್ದು ನಿನ್ನ ಕೊನೆಯ ಸಾಲು. ‘ನನ್ನ ಅಕೌಂಟಿಗೆ ಬೇಡ, ಈ ನಂಬರಿಗೆ ನೇರ ಹಾಕು.’ ಆ ನಂಬರಿನ ಹೆಸರು ನೋಡಿದೆ. ಯಾವುದೋ ರಾಜ್ಯದ ಮೊಬೈಲ್ ಅಂಗಡಿ. ನಿನ್ನೆ ಕಳಿಸಿದ್ದ ನಂಬರಿಗೆ ಬೇರೆ ಹೆಸರಿತ್ತು. ಐಡಿಯ ದುಡ್ಡು ಓಡಾಡೋದೇ ಇಂಥ ಬಾಡಿಗೆ ಖಾತೆಗಳಲ್ಲಿ. ಯಾರೋ ಬಡಪಾಯಿ ಒಂದಿಷ್ಟು ಕಮಿಷನ್ನಿಗೆ ಪಾಸ್‌ಬುಕ್ಕು, ಸಿಮ್ಮು ಬಿಟ್ಟುಕೊಟ್ಟಿರ್ತಾನೆ. ನಾಳೆ ಸೈಬರ್ ಪೊಲೀಸರು ಆ ಖಾತೆಯ ಜಾಡು ಹಿಡಿದರೆ, ಅದರ ಜೊತೆ ವ್ಯವಹಾರ ಮಾಡಿದ ಖಾತೆಗಳಿಗೂ ಬೀಗ ಬೀಳೋದುಂಟು. ನಮ್ಮ ಹುಡುಗನ ಕಾಲೇಜು ಫೀಸು ಕಟ್ಟುವ ದಿನ ನನ್ನ ಖಾತೆ ಫ್ರೀಜ್ ಆಗಿ, ನಾನು ಠಾಣೆಯಲ್ಲಿ ನಿಂತು ‘ಸಾರ್, ಇದು ಗೆಳೆಯನ ಅವ್ವನ ಮಂಡಿಗೆ ಹಾಕಿದ್ದು’ ಅಂತ ಹೇಳಬೇಕಾ?

‘ಒಂದ್ಸಲ ತೀರಿದ್ರೆ ಮತ್ತೆ ಮುಟ್ಟಲ್ಲ’ ಅನ್ನೋ ಮಾತಿಗೆ ನಮ್ಮಲ್ಲಿ ಹಳೆಯ ಪೂರ್ವನಿದರ್ಶನ ಇದೆ. ಧರ್ಮರಾಯ ಜೂಜಲ್ಲಿ ಸೋತ ಕಥೆ ಎಲ್ಲರೂ ಹೇಳ್ತಾರೆ. ಆದರೆ ಅವನ ಬಾಕಿಯೂ ಒಂದು ಸಲ ಪೂರ್ತಿ ಮಾಫಿ ಆಗಿತ್ತು ಅನ್ನೋದನ್ನು ಜಾಣತನದಿಂದ ಮರೀತಾರೆ. ಸಭೆಯಲ್ಲಿ ಆ ಅನಾಹುತ ಆದ ಮೇಲೆ ಧೃತರಾಷ್ಟ್ರ ರಾಜ್ಯ, ಕೋಶ, ತಮ್ಮಂದಿರು ಎಲ್ಲವನ್ನೂ ಹಿಂದಕ್ಕೆ ಕೊಟ್ಟು ಕಳಿಸಿದ. ಬಡ್ಡಿಯೂ ಇಲ್ಲ. ಊರು ಮುಟ್ಟುವ ಮುಂಚೆ ಇನ್ನೊಂದು ಆಟಕ್ಕೆ ಕರೆ ಬಂತು. ಅವನು ವಾಪಸ್ ಹೋದ. ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತ ಬಂದಿದ್ದು ಆ ಎರಡನೇ ಆಟದಿಂದ, ಮಾಫಿಯಾದ ಮೇಲಿನ ಆಟದಿಂದ. ಸಾಕ್ಷಾತ್ ಧರ್ಮದ ಮಗನಿಗೇ ದಾರಿ ಮಧ್ಯ ಕಾಲು ತಿರುಗಿತು. ನೀನು ಹೆಚ್ಚೆಂದರೆ ಚನ್ನಗಿರಿಯ ಅಡಿಕೆ ಬೆಳೆಗಾರ. ನಿನ್ನ ಜೇಬಲ್ಲಿ ಆ ಐಡಿ ಇನ್ನೂ ಇದೆ. ಬಾಕಿ ಕಟ್ಟಿದ ಕೂಡಲೇ ಅವನು ಲಿಮಿಟ್ ಜಾಸ್ತಿ ಮಾಡ್ತಾನೆ. ನನ್ನ ಮೂರು ಲಕ್ಷ ಸಾಲ ತೀರಿಸಲ್ಲ, ಲಿಮಿಟ್ ಏರಿಸುತ್ತೆ.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನೆಲ್ಲ ನಿಲ್ಲಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಡ್ರೀಮ್ ಇಲೆವೆನ್ ದುಡ್ಡಿನ ಆಟ ಮುಚ್ಚಿತು. ಕಾಯ್ದೆ ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ ಇಟ್ಟಿದೆ, ನಿನ್ನಂಥ ಆಡುವವನನ್ನು ಜೈಲಿಗೆ ಹಾಕಲ್ಲ. ನೀನು ಅದನ್ನು ಕರುಣೆ ಅಂದುಕೊಳ್ಳದೆ ಅನುಮತಿ ಅಂದುಕೊಂಡು ವಾಟ್ಸಾಪಿನ ಐಡಿಗೆ ಜಿಗಿದೆ. ಆ ಅಂಕಿತ ಬಿದ್ದ ಮರುದಿನವೇ ನಿಮ್ಮ ತಾಲ್ಲೂಕಿನ ಗಡಿಯಾಚೆ, ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಆನ್‌ಲೈನ್ ಬೆಟ್ಟಿಂಗ್ ಪ್ರಕರಣದಲ್ಲಿ ಇ.ಡಿ. ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು. ಸುಮಾರು 12 ಕೋಟಿ ನಗದು ಸಿಕ್ಕಿತು ಅಂತ ಹೇಳಿತು. ಆರೋಪ ನಿಜವೋ ಸುಳ್ಳೋ ಕೋರ್ಟು ತೀರ್ಮಾನಿಸುತ್ತೆ, ನಾನಲ್ಲ. ನಾನು ನೋಡಿದ್ದು ಪೇಪರಿನಲ್ಲಿ ಅದೇ ಬಗೆಯ ಇನ್ನೊಂದು ಸುದ್ದಿಯ ಅಳತೆಯನ್ನು. ಬಸ್‌ಸ್ಟ್ಯಾಂಡ್ ಹಿಂದೆ ಓಸಿ ಬರೆಯುತ್ತಿದ್ದವನಿಂದ ಒಂದು ಚೀಟಿ, ಒಂದು ಬಾಲ್‌ಪೆನ್ನು, ಚಿಲ್ಲರೆ ನಗದು ವಶ. ನಮ್ಮ ಕಡೆ ಪೊಲೀಸ್ ಪ್ರಕಟಣೆಯಲ್ಲಿ ಆ ಬಾಲ್‌ಪೆನ್ನು ಎಂದೂ ತಪ್ಪಿಲ್ಲ. ಹೀಗೇ ಹೋದರೆ ಜಿಲ್ಲೆಯಲ್ಲಿ ಜೂಜು ನಿಲ್ಲುವ ಮುಂಚೆ ಪೆನ್ನು ಖಾಲಿಯಾಗುತ್ತೆ.

ನ್ಯಾಮತಿಯ ಕಥೆ ಆಮೇಲೆ ಅಂದಿದ್ದೆನಲ್ಲ. 2024ರ ಅಕ್ಟೋಬರಿನಲ್ಲಿ ಅಲ್ಲಿಯ ಎಸ್‌ಬಿಐ ಶಾಖೆಗೆ ಕಿಟಕಿಯ ಸರಳು ಕತ್ತರಿಸಿ ನುಗ್ಗಿ 17.7 ಕೆ.ಜಿ. ಅಡವಿಟ್ಟ ಬಂಗಾರ ಹೊತ್ತೊಯ್ದರು. ತಿಂಗಳುಗಟ್ಟಲೆ ಹುಡುಕಿ 2025ರ ಮಾರ್ಚಿನಲ್ಲಿ ಪೊಲೀಸರು ಹಿಡಿದಾಗ ಬಂಗಾರದ ಬಹುಪಾಲು ಮದುರೈ ಜಿಲ್ಲೆಯ ಒಂದು ಬಾವಿಯಲ್ಲಿತ್ತು. ಪೊಲೀಸರು ಹೇಳಿದ ಕಾರಣ ಕೇಳು. ಆ ಊರಲ್ಲೇ ಸ್ವೀಟ್ ಅಂಗಡಿ ಇಟ್ಟಿದ್ದವನು 15 ಲಕ್ಷ ಸಾಲ ಕೇಳಿದ್ದ, ಬ್ಯಾಂಕು ಕೊಡಲಿಲ್ಲ. ಸಾಲ ಇಲ್ಲ ಅಂದಿದ್ದಕ್ಕೆ ಮುನಿಸಿಕೊಳ್ಳುವುದರಲ್ಲಿ ಇದಕ್ಕಿಂತ ದೊಡ್ಡ ಮಟ್ಟವನ್ನು ನಮ್ಮ ಸೀಮೆ ಕಂಡಿಲ್ಲ. ನೀನೂ ನನ್ನ ಮೇಲೆ ಮುನಿಸಿಕೊಳ್ತೀಯ, ಗೊತ್ತು. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ‘ಕಷ್ಟಕಾಲದಲ್ಲಿ ಯಾರು ನಮ್ಮೋರು’ ಅಂತ ಹಾಕು, ಅದು ನಿನ್ನ ಹಕ್ಕು. ಕಿಟಕಿ ಮಾತ್ರ ಮುಟ್ಟಬೇಡ. ಒಳಗೆ ನಮ್ಮಾಕೆಯ ಎರಡೆಳೆ ಸರ ಇದೆ, ಅದೂ ಅಡದಲ್ಲಿದೆ.

ನಗೋದು ಇಲ್ಲಿಗೆ ಸಾಕು. ಐಡಿಯವನ ಬಾಕಿ ಬೇರೆ, ಆ ಬಾಕಿ ಕಟ್ಟೋಕೆ ನೀನು ತಂದಿರುವ ಮೀಟರ್ ಬಡ್ಡಿ ಬೇರೆ. ವಾರಕ್ಕೆ ನೂರಕ್ಕೆ ಹತ್ತು ಅಂದೆ. ಒಂದು ಲಕ್ಷಕ್ಕೆ ವಾರಕ್ಕೆ ಹತ್ತು ಸಾವಿರ. ಹತ್ತು ವಾರ ಕಟ್ಟಿದರೆ ಒಂದು ಲಕ್ಷ ಕೊಟ್ಟಾಯ್ತು, ಅಸಲು ಹಾಗೇ ಕೂತಿದೆ. ಆ ಜನ ಮನೆ ಬಾಗಿಲಿಗೆ ಬಂದು, ನಾನು ತಂಗಿ ಅಂತ ಕರೆಯುವ ನಿನ್ನ ಹೆಂಡತಿಯನ್ನು ಹೊರಗೆ ಕರೆದರಂತೆ. 2024ರ ಮಾರ್ಚಿನಲ್ಲಿ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಒಬ್ಬ ಎಂಜಿನಿಯರನ ಐಪಿಎಲ್ ಸಾಲಕ್ಕೆ, ವಸೂಲಿಯವರ ಕಾಟಕ್ಕೆ ಜೀವ ತೆತ್ತವಳು ಒಂದು ಬಾಜಿಯನ್ನೂ ಕಟ್ಟದಿದ್ದ ಅವನ ಹೆಂಡತಿ. ಅದನ್ನು ಓದಿದ ಮೇಲೆ ನಿನಗೆ ಸುಮ್ಮನೆ ‘ಇಲ್ಲ’ ಅಂತ ಹೇಳಿ ಫೋನ್ ಇಡೋದು ನನ್ನಿಂದ ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆದೆ.

ನಾನು ಮಾಡೋದು ಇಷ್ಟು. ನೀನೂ ತಂಗಿಯೂ ಕೂತು ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಅಂತ ಬರೀರಿ. ಮಂಡಿ, ಬೋರು, ಬಟವಾಡೆ, ಬಂಗಾರ ಯಾವ ಹೆಸರಲ್ಲಿ ತಂದಿದ್ದು ಅನ್ನೋದನ್ನೂ ಬರೀರಿ. ಆ ನಾಲ್ಕು ಮನೆಯವರ ದುಡ್ಡು ನಿಜವಾದ ಸಾಲ, ಅದನ್ನು ಅಡಿಕೆ ಖೇಣಿಯ ದುಡ್ಡಲ್ಲಿ ಕಂತಿನ ಮೇಲೆ ತೀರಿಸು. ಆದರೆ ಈ ವರ್ಷದ ಖೇಣಿ ಕರಾರು ತಂಗಿಯ ಹೆಸರಿಗೆ ಆಗಬೇಕು, ಮುಂಗಡವೂ ಅವಳ ಖಾತೆಗೆ ಬರಬೇಕು. ಮೀಟರ್ ಬಡ್ಡಿಯವನ ವಿಚಾರಕ್ಕೆ ನಾನೇ ನಿನ್ನ ಜೊತೆ ಠಾಣೆಗೆ ಬರ್ತೀನಿ. ವಸೂಲಿಗೆ ಕಾಟ ಕೊಟ್ಟರೆ ಹತ್ತು ವರ್ಷದವರೆಗೆ ಶಿಕ್ಷೆ ಅಂತ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಖಾಲಿ ಚೆಕ್ಕಿನ ನಂಬರು ಗೊತ್ತಿದ್ದರೆ ಬರೆದಿಟ್ಟುಕೋ, ಲಾಯರಿಗೆ ತೋರಿಸೋಣ, ಅವರ ಫೀಸು ನನ್ನದು, ಕಟ್ಟೋದೂ ನೇರ ಅವರಿಗೇ. ರಾತ್ರಿ ಆಟ ಶುರುವಾಗೋ ಹೊತ್ತಿಗೆ ಕೈ ತುರಿಸಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತಾರೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಇದು ಚಟ ಅಂತ ಅವರಿಗೆ ಗೊತ್ತು, ಅವರ ಮುಂದೆ ಅವ್ವನ ಮಂಡಿ ಕಥೆ ಕಟ್ಟೋ ಶ್ರಮ ಬೇಕಾಗಿಲ್ಲ. ಮನೆಯಲ್ಲಿ ಅಕ್ಕಿ ಇಲ್ಲ ಅಂದರೆ ಅಕ್ಕಿ ಚೀಲ ಬರುತ್ತೆ. ಮಕ್ಕಳ ಫೀಸು ಅಂದರೆ ಶಾಲೆಗೆ ಹೋಗಿ ಕಟ್ಟಿ ಬರ್ತೀನಿ. ದುಡ್ಡು ನಿನ್ನ ಕೈಗೆ ಮಾತ್ರ ಬರಲ್ಲ.

ಭಾನುವಾರ ಹೊನ್ನಾಳಿಗೆ ಬಾ. ಆ ಐಡಿ ಇರುವ ಫೋನು ತಂಗಿಯ ಹತ್ತಿರ ಬಿಟ್ಟು ಬಾ. ಹಾಳೆ ತಗೊಂಡು ಬಾ. ಮಂಡಕ್ಕಿ, ಮೆಣಸಿನಕಾಯಿ ನನ್ನ ಲೆಕ್ಕ. ಬಸ್ ಚಾರ್ಜೂ ನಾನೇ ಕೊಡ್ತೀನಿ, ಇಳಿದ ಮೇಲೆ, ಟಿಕೆಟ್ ನೋಡಿಕೊಂಡು.